ಬ್ರೆಡ್ಡಿನ ಹಿಟ್ಟು ಉಬ್ಬುವುದು ಏಕೆ? ಹನ್ನೆರಡು ಲೋಟಗಳ ಒಂದು ಪ್ರಯೋಗ

ಕಾಸರಗೋಡಿನ ಅಡುಗೆಮನೆಗಳಿಗೆ ಹಿಟ್ಟು ಉಬ್ಬುವುದು ಹೊಸ ಸಂಗತಿಯಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಪಾತ್ರೆಯ ಬಾಯಿಯವರೆಗೆ ಬಂದಿರುತ್ತದೆ. ಅಪ್ಪದ ಹಿಟ್ಟಿಗೆ ಸ್ವಲ್ಪ ಕಳ್ಳು ಹಾಕಿದರೆ ಇನ್ನೂ ಬೇಗ ಉಕ್ಕುತ್ತದೆ. ಇದು ಏಕೆ ಎಂದು ಮಕ್ಕಳು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, "ಹುಳಿ ಬಂತಲ್ಲ, ಅದಕ್ಕೆ." ಆದರೆ ಯೀಸ್ಟ್ ಹಾಕಿ ಕಲಸಿದ ಬ್ರೆಡ್ಡಿನ ಹಿಟ್ಟು ಒಂದು ಗಂಟೆಯಲ್ಲಿ ಇಮ್ಮಡಿಯಾಗುತ್ತದೆ, ನಾಲಿಗೆಗೆ ಹುಳಿ ಗೊತ್ತಾಗುವುದೇ ಇಲ್ಲ. ಹಾಗಾದರೆ ಇಡ್ಲಿ ಹಿಟ್ಟಿನಲ್ಲಿ ಹುಳಿ ಮತ್ತು ಉಬ್ಬು ಜೊತೆಯಾಗಿ ಬಂದವು ಎಂಬುದಷ್ಟೇ ನಮಗೆ ಗೊತ್ತಿರುವುದು. ಒಂದು ಇನ್ನೊಂದಕ್ಕೆ ಕಾರಣ ಎನ್ನಲು ಬೇರೆ ಸಾಕ್ಷಿ ಬೇಕು. ಆ ಸಾಕ್ಷಿ ಹುಡುಕುವ ಕ್ರಮವನ್ನೇ ವಿಜ್ಞಾನದ ವಿಧಾನ ಎನ್ನುತ್ತಾರೆ. ಅದನ್ನು ಮೈದಾ, ಯೀಸ್ಟ್, ಸಕ್ಕರೆ, ನೀರು ಇಟ್ಟುಕೊಂಡು ಒಂದು ಭಾನುವಾರ ಮಾಡಿ ನೋಡಬಹುದು. ಎಂಟನೇ ತರಗತಿಯ ಮಕ್ಕಳಿಗೆ ಇದು ಕಷ್ಟವಲ್ಲ. ಚಿಕ್ಕವರಾದರೆ ದೊಡ್ಡವರೊಬ್ಬರು ಜೊತೆಗಿರಬೇಕು.

ಮೊದಲು ಪ್ರಶ್ನೆಯನ್ನು ಸಣ್ಣದು ಮಾಡಿ

"ಬ್ರೆಡ್ಡು ಏಕೆ ಉಬ್ಬುತ್ತದೆ" ಎಂಬುದು ಪ್ರಯೋಗಕ್ಕೆ ತೀರಾ ದೊಡ್ಡ ಪ್ರಶ್ನೆ. ಅದರೊಳಗೆ ಕನಿಷ್ಠ ಮೂರು ಪ್ರಶ್ನೆಗಳಿವೆ: ಗಾಳಿ ಎಲ್ಲಿಂದ ಬರುತ್ತದೆ, ಅದು ಹಿಟ್ಟಿನಿಂದ ಹೊರಗೆ ಹೋಗದೆ ಹೇಗೆ ಉಳಿಯುತ್ತದೆ, ಒಲೆಯ ಬಿಸಿಗೆ ಮತ್ತೂ ಉಬ್ಬುವುದು ಏಕೆ. ನಾವು ಮೊದಲನೆಯದನ್ನು ಹಿಡಿದುಕೊಳ್ಳೋಣ, ಅದನ್ನೂ ಅಳೆಯಲು ಬರುವಂತೆ ಹೀಗೆ ಬರೆಯೋಣ: ಮೈದಾ ಹಿಟ್ಟನ್ನು ಕಲಸಿಟ್ಟು ಒಂದು ಗಂಟೆ ಬಿಟ್ಟಾಗ ಅದರ ಗಾತ್ರ ಹೆಚ್ಚಬೇಕಾದರೆ ಅದರಲ್ಲಿ ಏನೇನು ಇರಲೇಬೇಕು?

ಇದಕ್ಕೆ ನಮ್ಮಲ್ಲಿ ಆಗಲೇ ಒಂದು ಊಹೆ ಇದೆ. ಯೀಸ್ಟ್ ಒಂದು ಜೀವಿ, ಅದು ಸಕ್ಕರೆ ತಿಂದು ಗಾಳಿ ಬಿಡುತ್ತದೆ, ಆ ಗಾಳಿಯಿಂದ ಹಿಟ್ಟು ಉಬ್ಬುತ್ತದೆ. ಬೇಕರಿಯವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಊಹೆ ಸರಿಯೋ ತಪ್ಪೋ ಎಂಬ ಚರ್ಚೆಗೆ ಈಗಲೇ ಹೋಗಬೇಡಿ. ಅದು ನಿಜವಾಗಿದ್ದರೆ ಏನು ಕಾಣಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯೀಸ್ಟ್ ಇಲ್ಲದ ಹಿಟ್ಟು ಉಬ್ಬಬಾರದು. ಯೀಸ್ಟ್ ಹಾಕಿದ್ದರೂ ಅದನ್ನು ಮೊದಲೇ ಕುದಿಸಿ ಕೊಂದಿದ್ದರೆ ಉಬ್ಬಬಾರದು. ಯೀಸ್ಟ್ ಇದ್ದು ಸಕ್ಕರೆ ಹಾಕದಿದ್ದರೂ ಉಬ್ಬಬಾರದು. ಈ ಮೂರು ವಾಕ್ಯಗಳನ್ನು ಹಿಟ್ಟು ಕಲಸುವ ಮುಂಚೆ ಪೆನ್ನಿನಲ್ಲಿ ಬರೆದು ತಾರೀಕು ಹಾಕಿಡಬೇಕು. ಫಲಿತಾಂಶ ಕಂಡ ಮೇಲೆ ಬರೆದರೆ, "ನಾನು ಹಾಗೆಯೇ ಅಂದುಕೊಂಡಿದ್ದೆ" ಎಂದು ಮನಸ್ಸು ತನಗೇ ತಿಳಿಯದೆ ತಿದ್ದಿಕೊಳ್ಳುತ್ತದೆ. ಈ ಮೂರರಲ್ಲಿ ಒಂದು ವಾಕ್ಯ ಸಂಜೆಯೊಳಗೆ ಸುಳ್ಳಾಗಲಿದೆ, ಆಗ ಈ ಪುಟ ಬೇಕಾಗುತ್ತದೆ.

ಬೇಕಾಗುವ ವಸ್ತುಗಳು, ಮತ್ತು ಒಂದು ಗ್ರಾಮಿನ ತೊಂದರೆ

ಮೈದಾ 600 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 10 ಗ್ರಾಂ, ಸಕ್ಕರೆ 20 ಗ್ರಾಂ, ಬಾವಿಯ ನೀರು, ಕೆಲವು ಹನಿ ತೆಂಗಿನೆಣ್ಣೆ. ಸುಮಾರು 300 ಮಿಲಿ ಹಿಡಿಯುವ, ಒಂದೇ ತರಹದ 12 ಗಾಜಿನ ಲೋಟಗಳು. ಅಡುಗೆಮನೆಯ ತೂಕದ ಯಂತ್ರ. ಔಷಧಿ ಅಂಗಡಿಯಿಂದ ಸೂಜಿಯಿಲ್ಲದ 20 ಮಿಲಿಯ ಒಂದು ಸಿರಿಂಜ್. ಈ ಪ್ರಯೋಗದಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ. ಉಪ್ಪು ಹಾಕುವುದಿಲ್ಲ. ಉಪ್ಪು ಯೀಸ್ಟಿನ ಕೆಲಸವನ್ನು ನಿಧಾನ ಮಾಡುತ್ತದೆ, ಇಲ್ಲಿ ಅದರ ಅಗತ್ಯವೂ ಇಲ್ಲ.

ಒಂದೊಂದು ಲೋಟಕ್ಕೆ 50 ಗ್ರಾಂ ಮೈದಾ, ಸುಮಾರು 1 ಗ್ರಾಂ ಯೀಸ್ಟ್, 2 ಗ್ರಾಂ ಸಕ್ಕರೆ ಹೋಗಬೇಕು. ತೊಂದರೆ ಇರುವುದು ಇಲ್ಲಿಯೇ. ಮನೆಯ ತೂಕದ ಯಂತ್ರ ಗ್ರಾಮಿನ ಲೆಕ್ಕದಲ್ಲಿ ಮಾತ್ರ ತೋರಿಸುತ್ತದೆ. ಅರ್ಧ ಗ್ರಾಂ ಇದ್ದರೂ ಒಂದೂವರೆಗೆ ಹತ್ತಿರವಿದ್ದರೂ ಅದು 1 ಎಂದೇ ತೋರಿಸೀತು. ಹಾಗೆ ಹಾಕಿದರೆ ಒಂದು ಲೋಟಕ್ಕೆ ಇನ್ನೊಂದರ ಇಮ್ಮಡಿ ಯೀಸ್ಟ್ ಹೋಗಬಹುದು, ಉಬ್ಬಿನ ವ್ಯತ್ಯಾಸ ಅದರಿಂದಲೇ ಬರಬಹುದು. ಇದಕ್ಕೆ ಪ್ರಯೋಗಾಲಯಗಳಲ್ಲಿ ಮಾಡುವ ಉಪಾಯವನ್ನೇ ನಾವೂ ಮಾಡಬಹುದು. ಒಟ್ಟು 10 ಗ್ರಾಂ ಯೀಸ್ಟನ್ನು ಒಮ್ಮೆಲೇ ತೂಗಿ 200 ಮಿಲಿ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ. ತೂಕದಲ್ಲಿ ಅರ್ಧ ಗ್ರಾಂ ಆಚೀಚೆಯಾದರೂ ಅದು ಹತ್ತರಲ್ಲಿ ಅರ್ಧ, ಎಲ್ಲ ಲೋಟಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಇದರಿಂದ ಸಿರಿಂಜಿನಲ್ಲಿ 20 ಮಿಲಿ ತೆಗೆದರೆ ಅದರಲ್ಲಿ ಸುಮಾರು 1 ಗ್ರಾಂ ಯೀಸ್ಟ್ ಇರುತ್ತದೆ. ಹಾಗೆಯೇ 20 ಗ್ರಾಂ ಸಕ್ಕರೆ ಕರಗಿಸಿ, ನೀರು ಸೇರಿಸಿ ಒಟ್ಟು 150 ಮಿಲಿ ಮಾಡಿಕೊಳ್ಳಿ. ಅದರ 15 ಮಿಲಿಯಲ್ಲಿ 2 ಗ್ರಾಂ ಸಕ್ಕರೆ.

ಯೀಸ್ಟ್ ಕದಡುವ ನೀರು 35 ಡಿಗ್ರಿಯ ಹತ್ತಿರ ಇರಲಿ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಅದ್ದಿ ನೋಡಬಹುದು, ಬಳಿಕ ಚೆನ್ನಾಗಿ ತೊಳೆದಿಡಿ. ನೀರು 55 ಡಿಗ್ರಿ ದಾಟಿದರೆ ಯೀಸ್ಟ್ ಸಾಯತೊಡಗುತ್ತದೆ. ಬೆರಳು ಅದ್ದಿದರೆ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ ಇದ್ದರೆ ಅದು ಯೀಸ್ಟಿಗೂ ಹೆಚ್ಚೇ.

ಈ ಯೀಸ್ಟ್ ನೀರಿನಿಂದ 70 ಮಿಲಿ ಬೇರೆ ತೆಗೆದು, ಅಗಲ ಬಾಯಿಯ ಪಾತ್ರೆಯಲ್ಲಿ 5 ನಿಮಿಷ ಕುದಿಸಿ. ನೊರೆಯೆದ್ದು ಉಕ್ಕುತ್ತದೆ, ಒಲೆ ಬಿಟ್ಟು ಹೋಗಬೇಡಿ. ಪೂರ್ತಿ ತಣಿದ ಮೇಲೆ ಆವಿಯಾಗಿ ಹೋದಷ್ಟು ನೀರನ್ನು ಮತ್ತೆ ಸೇರಿಸಿ 70 ಮಿಲಿಗೆ ತನ್ನಿ. ಈ ಕೊನೆಯ ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಮರೆತರೆ ಕುದಿಸಿದ ಯೀಸ್ಟಿನ ಲೋಟಕ್ಕೆ ನೀರು ಕಡಿಮೆಯಾಗಿ ಹಿಟ್ಟು ಗಟ್ಟಿಯಾಗುತ್ತದೆ. ಆಗ ಅದು ಉಬ್ಬದಿದ್ದರೆ ಯೀಸ್ಟ್ ಸತ್ತಿದ್ದರಿಂದಲೋ ಹಿಟ್ಟು ಗಟ್ಟಿಯಾಗಿದ್ದರಿಂದಲೋ ಎಂದು ಹೇಳಲು ಬರುವುದಿಲ್ಲ.

ನಾಲ್ಕು ಬಗೆ, ಪ್ರತಿಯೊಂದೂ ಮೂರು ಸಲ

ಎಲ್ಲ ಲೋಟಗಳಲ್ಲೂ 50 ಗ್ರಾಂ ಮೈದಾ ಮತ್ತು 35 ಮಿಲಿ ದ್ರವ ಇರುತ್ತದೆ. ಬದಲಾಗುವುದು ಆ 35 ಮಿಲಿ ಏನು ಎಂಬುದು ಮಾತ್ರ.

| ಬಗೆ | ಮೊದಲ 20 ಮಿಲಿ | ಉಳಿದ 15 ಮಿಲಿ |
|---|---|---|
| ಒಂದು | ಯೀಸ್ಟ್ ನೀರು | ಸಕ್ಕರೆ ನೀರು |
| ಎರಡು | ಬರೀ ನೀರು | ಸಕ್ಕರೆ ನೀರು |
| ಮೂರು | ಕುದಿಸಿದ ಯೀಸ್ಟ್ ನೀರು | ಸಕ್ಕರೆ ನೀರು |
| ನಾಲ್ಕು | ಯೀಸ್ಟ್ ನೀರು | ಬರೀ ನೀರು |

ಎರಡು, ಮೂರು, ನಾಲ್ಕನ್ನು ಒಂದನೆಯದರ ಪಕ್ಕದಲ್ಲಿಟ್ಟು ನೋಡಿ. ಪ್ರತಿಯೊಂದೂ ಒಂದನೆಯದಕ್ಕಿಂತ ಒಂದೇ ಒಂದು ವಿಷಯದಲ್ಲಿ ಬೇರೆ. ಎರಡನೆಯದರಲ್ಲಿ ಯೀಸ್ಟ್ ಇಲ್ಲ, ಮೂರನೆಯದರಲ್ಲಿ ಯೀಸ್ಟ್ ಇದೆ ಆದರೆ ಕುದಿಸಿದ್ದು, ನಾಲ್ಕನೆಯದರಲ್ಲಿ ಸಕ್ಕರೆ ಇಲ್ಲ. ಯೀಸ್ಟನ್ನೂ ಸಕ್ಕರೆಯನ್ನೂ ಒಟ್ಟಿಗೆ ಬಿಟ್ಟರೆ ಬಂದ ಫಲಿತಾಂಶ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಎರಡನೆಯದಿರುವಾಗ ಮೂರನೆಯದು ಏಕೆ ಬೇಕು ಎಂದು ಕೇಳಬಹುದು. ಯೀಸ್ಟ್ ಎಂದರೆ ಒಂದು ಪುಡಿಯೂ ಹೌದು. ಪುಡಿ ಬಿದ್ದುದರಿಂದಲೇ ಹಿಟ್ಟಿನ ಗುಣ ಬದಲಾಗಿ ಅದು ಉಬ್ಬಿತು ಎಂದು ಯಾರಾದರೂ ವಾದಿಸಿದರೆ ಎರಡನೇ ಲೋಟದಲ್ಲಿ ಅದಕ್ಕೆ ಉತ್ತರವಿಲ್ಲ, ಮೂರನೆಯದರಲ್ಲಿದೆ: ಅದೇ ಪುಡಿ, ಅಷ್ಟೇ ತೂಕ, ಕುದಿಸಿದ್ದೊಂದೇ ವ್ಯತ್ಯಾಸ. ಒಂದನೆಯ ಬಗೆಯ ಕೆಲಸವೂ ಮುಖ್ಯ. ಅದು ಉಬ್ಬದಿದ್ದರೆ ನಿಮ್ಮ ಯೀಸ್ಟೇ ಹಳತಾಗಿದೆ ಎಂದರ್ಥ. ಆ ದಿನ ಉಳಿದ ಮೂರು ಬಗೆಗಳು ಏನು ತೋರಿಸಿದರೂ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ನಮ್ಮ ಕರಾವಳಿಯ ತೇವದ ಹವೆಯಲ್ಲಿ ಒಡೆದಿಟ್ಟ ಯೀಸ್ಟ್ ಪ್ಯಾಕೆಟ್ ಬೇಗ ಕೆಡುತ್ತದೆ, ಆದ್ದರಿಂದ ಹೊಸ ಪ್ಯಾಕೆಟನ್ನೇ ತನ್ನಿ.

ಪ್ರತಿ ಬಗೆಗೂ ಮೂರು ಲೋಟ. ಒಂದೊಂದೇ ಲೋಟ ಇಟ್ಟರೆ, ಎರಡು ಲೋಟಗಳ ನಡುವೆ ಕಂಡ ವ್ಯತ್ಯಾಸ ನಿಜವಾದ್ದೋ ಕೈತಪ್ಪಿನದೋ ಗೊತ್ತಾಗುವುದಿಲ್ಲ. ಒಂದೇ ಬಗೆಯ ಮೂರು ಲೋಟಗಳು ತಮ್ಮತಮ್ಮಲ್ಲಿ ಎಷ್ಟು ಬೇರೆಯಾಗುತ್ತವೆ ಎಂದು ನೋಡಿದಾಗ ನಮ್ಮ ಕೈತಪ್ಪಿನ ಅಳತೆ ಸಿಗುತ್ತದೆ. ಮುಂದೆ ಅದೇ ತೀರ್ಮಾನದ ಒರೆಗಲ್ಲಾಗುತ್ತದೆ.

ಲೋಟಕ್ಕೆ ಗುರುತು ಹಾಕುವುದು

ಹೆಚ್ಚಿನ ಲೋಟಗಳು ಕೆಳಗೆ ಕಿರಿದು, ಮೇಲೆ ಅಗಲ. ಅಂಥ ಲೋಟದಲ್ಲಿ ಸ್ಕೇಲ್ ಹಿಡಿದು ಎತ್ತರ ಅಳೆದರೆ ಮೋಸವಾಗುತ್ತದೆ; ಮೇಲಿನ ಒಂದು ಸೆಂಟಿಮೀಟರಿನಲ್ಲಿ ಕೆಳಗಿನ ಒಂದು ಸೆಂಟಿಮೀಟರಿಗಿಂತ ಹೆಚ್ಚು ಹಿಟ್ಟು ಹಿಡಿಯುತ್ತದೆ. ಅದಕ್ಕೆ ಲೋಟದ ಹೊರಗೆ ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ. ಸಿರಿಂಜಿನಿಂದ 10 ಮಿಲಿಯಂತೆ ನೀರು ಹಾಕುತ್ತಾ, ಪ್ರತಿ ಸಲ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. 250 ಮಿಲಿಯವರೆಗೆ ಹೋದರೆ ಸಾಕು. ಒಂದು ಲೋಟಕ್ಕೆ ಮಾಡಿದ ಪಟ್ಟಿಯನ್ನು ನೋಡಿ ಉಳಿದ ಹನ್ನೊಂದಕ್ಕೂ ನಕಲು ಮಾಡಬಹುದು, ಲೋಟಗಳು ಒಂದೇ ಅಚ್ಚಿನವಾಗಿದ್ದರೆ ಮಾತ್ರ. ಬಳಿಕ ಒರೆಸಿ ಒಣಗಿಸಿ, ಒಳಗೆ ಎರಡು ಹನಿ ತೆಂಗಿನೆಣ್ಣೆ ಸವರಿ. ಎಣ್ಣೆ ಇಲ್ಲದಿದ್ದರೆ ಹಿಟ್ಟಿನ ಅಂಚು ಗಾಜಿಗೆ ಅಂಟಿಕೊಂಡು ನಡು ಮಾತ್ರ ಮೇಲೇಳುತ್ತದೆ.

ಕಲಸುವುದು

ಹನ್ನೆರಡು ಚೀಟಿಗಳಲ್ಲಿ ನಾಲ್ಕು ಬಗೆಗಳನ್ನೂ ಮೂರು ಮೂರು ಸಲ ಬರೆದು, ಮಡಚಿ, ಕುಲುಕಿ. ಎತ್ತಿದ ಚೀಟಿಯಲ್ಲಿ ಏನಿದೆಯೋ ಅದು ಮೊದಲ ಲೋಟ, ಮುಂದಿನದು ಎರಡನೆಯದು. ಇದು ಸುಮ್ಮನೆ ಆಟಕ್ಕಲ್ಲ. ಒಂದು ಹಿಟ್ಟು ಕಲಸಲು 3 ನಿಮಿಷ ಬೇಕು, ಹನ್ನೆರಡಕ್ಕೆ 36 ನಿಮಿಷ. ಒಂದನೇ ಬಗೆಯ ಮೂರನ್ನೂ ಮೊದಲು ಮುಗಿಸಿ, ನಾಲ್ಕನೆಯ ಬಗೆಯ ಮೂರನ್ನು ಕೊನೆಗೆ ಮಾಡಿದರೆ, ಅಷ್ಟು ಹೊತ್ತಿಗೆ ಕೈ ಸೋತಿರುತ್ತದೆ, ಯೀಸ್ಟ್ ನೀರು ಅರ್ಧ ಗಂಟೆ ಹಳತಾಗಿರುತ್ತದೆ. ಚೀಟಿ ಎತ್ತಿದರೆ ಇಂಥ ಏರುಪೇರು ಯಾವುದೋ ಒಂದು ಬಗೆಯ ಮೇಲೆ ಮಾತ್ರ ಬೀಳುವ ಸಂಭವ ಕಡಿಮೆಯಾಗುತ್ತದೆ.

ಕಲಸುವವರು ಒಬ್ಬರು, ಅಳತೆ ಓದುವವರು ಇನ್ನೊಬ್ಬರು. ಲೋಟದ ಮೇಲೆ 1ರಿಂದ 12ರ ಸಂಖ್ಯೆ ಮಾತ್ರ ಇರಲಿ. ಯಾವ ಸಂಖ್ಯೆ ಯಾವ ಬಗೆ ಎಂಬ ಪಟ್ಟಿ ಕಲಸಿದವರ ಕಿಸೆಯಲ್ಲಿರಲಿ. ಹಿಟ್ಟಿನ ಮೇಲ್ಮೈ ಎರಡು ಗೆರೆಗಳ ನಡುವೆ ನಿಂತಾಗ "ಇದು ಸಕ್ಕರೆ ಹಾಕಿದ್ದು" ಎಂದು ಗೊತ್ತಿರುವ ಕಣ್ಣು ಮೇಲಿನ ಗೆರೆಯನ್ನೇ ಓದುತ್ತದೆ, ಪ್ರಾಮಾಣಿಕರದ್ದೂ ಅಷ್ಟೇ.

ಯೀಸ್ಟ್ ನೀರನ್ನು ಪ್ರತಿ ಸಲ ಸಿರಿಂಜಿಗೆ ಎಳೆಯುವ ಮುಂಚೆ ಚೆನ್ನಾಗಿ ಕದಡಬೇಕು, ಅದು ಬೇಗ ತಳಕ್ಕೆ ಇಳಿಯುತ್ತದೆ. ಬೋಗುಣಿಯಲ್ಲಿ ಮೈದಾ, ಅದರ ಮೇಲೆ 20 ಮಿಲಿ, ಬಳಿಕ 15 ಮಿಲಿ. ಗಟ್ಟಿ ಚಮಚದ ಹಿಡಿಯಿಂದ ನೂರು ಸುತ್ತು ತಿರುಗಿಸಿ, ಎಣಿಸಿಯೇ ತಿರುಗಿಸಿ. ಈ ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ಅಂಟುತ್ತದೆ, ಅದು ಹಾಗೆಯೇ ಇರಬೇಕು. ಒದ್ದೆ ಚಮಚದಿಂದ ಲೋಟದೊಳಗೆ ಒತ್ತಿ ಸಮ ಮಾಡಿ, ತಳದಲ್ಲಿ ಗಾಳಿಯ ಗುಂಡಿ ಉಳಿಯದಂತೆ ನೋಡಿ. ಆರಂಭದ ಗೆರೆ ಸುಮಾರು 75 ಮಿಲಿಯ ಹತ್ತಿರ ಬರುತ್ತದೆ. ಅದನ್ನೂ ಸಮಯವನ್ನೂ ಆ ಲೋಟದ ಮುಂದೆ ಬರೆಯಿರಿ. ಪ್ರತಿ ಲೋಟದ ಗಂಟೆ ಅದರದೇ ಸಮಯದಿಂದ ಶುರು.

ಲೋಟಗಳ ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ, ಎಲ್ಲವನ್ನೂ ಒಂದೇ ಕಡೆ ಇಡಿ. ಒಲೆಯ ಪಕ್ಕದ ಕಟ್ಟೆಯಲ್ಲಿ ಸಾಲಾಗಿ ಇಟ್ಟರೆ ಒಲೆಗೆ ಹತ್ತಿರದ್ದು ಬೇಗ, ದೂರದ್ದು ತಡವಾಗಿ ಉಬ್ಬುತ್ತದೆ. ದೊಡ್ಡ ಚರಿಗೆಯಲ್ಲೋ ಪರಾತದಲ್ಲೋ ಎರಡು ಬೆರಳು ಉಗುರುಬೆಚ್ಚಗಿನ ನೀರು ಹಾಕಿ ಅದರಲ್ಲಿ ಎಲ್ಲ ಲೋಟಗಳನ್ನೂ ಒಟ್ಟಿಗೆ ನಿಲ್ಲಿಸುವುದು ಉತ್ತಮ. ಬೇಸಗೆಯಲ್ಲಿ ಒಂದು ಗಂಟೆ ಸಾಕಾಗುತ್ತದೆ. ಆಟಿ ತಿಂಗಳ ಮಳೆಯ ದಿನವಾದರೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಯಾವುದೇ ಆಗಲಿ, ಮೊದಲೇ ನಿಶ್ಚಯಿಸಿ ಬರೆದಿಡಿ. "ಇನ್ನೂ ಸ್ವಲ್ಪ ಉಬ್ಬಲಿ" ಎಂದು ನಡುವೆ ಸಮಯ ಬದಲಿಸಬಾರದು.

ಉಬ್ಬಿದ ಹಿಟ್ಟು ನಡುವೆ ಗುಮ್ಮಟದಂತೆ ಏಳುತ್ತದೆ. ಗಾಜಿಗೆ ತಾಗಿರುವ ಅಂಚನ್ನು ಓದಬೇಕೋ ಗುಮ್ಮಟದ ತುದಿಯನ್ನೋ ಎಂಬುದನ್ನೂ ಮೊದಲೇ ಗೊತ್ತು ಮಾಡಿ. ಅಂಚನ್ನು ಓದುವುದು ಸುಲಭ. ಕಣ್ಣನ್ನು ಗೆರೆಯ ಮಟ್ಟಕ್ಕೆ ತಗ್ಗಿಸಿ ಓದಿ.

ಅಂಕಿಗಳನ್ನು ಓದುವುದು

ಲೆಕ್ಕ ಅರ್ಥವಾಗಲೆಂದು ಒಂದು ಮಾದರಿ ಕೊಡುತ್ತೇವೆ. ನಿಮ್ಮ ಅಂಕಿಗಳು ಬೇರೆಯೇ ಬರುತ್ತವೆ. ಎಲ್ಲ ಲೋಟಗಳೂ 75 ಮಿಲಿಯಲ್ಲಿ ಶುರುವಾದವು ಎಂದುಕೊಳ್ಳಿ. ಒಂದು ಗಂಟೆಯ ಬಳಿಕ ಹೀಗಿದೆ:

| ಬಗೆ | ಮೂರು ಲೋಟಗಳು (ಮಿಲಿ) | ಸರಾಸರಿ |
|---|---|---|
| ಒಂದು: ಯೀಸ್ಟ್, ಸಕ್ಕರೆ | 165, 180, 150 | 165 |
| ಎರಡು: ಯೀಸ್ಟ್ ಇಲ್ಲ | 75, 75, 75 | 75 |
| ಮೂರು: ಕುದಿಸಿದ ಯೀಸ್ಟ್ | 75, 75, 80 | 77 |
| ನಾಲ್ಕು: ಸಕ್ಕರೆ ಇಲ್ಲ | 155, 170, 160 | 162 |

ಮೊದಲು ಒಂದೇ ಸಾಲಿನೊಳಗೆ ನೋಡಿ. ಒಂದನೇ ಬಗೆಯ ಮೂರು ಲೋಟಗಳಿಗೆ ಹಾಕಿದ್ದು ಒಂದೇ, ಆದರೂ 150ರಿಂದ 180ರವರೆಗೆ ಹರಡಿವೆ. ಅಂದರೆ ನಮ್ಮ ಕೈಯಲ್ಲಿ 30 ಮಿಲಿಯಷ್ಟು ಆಚೀಚೆ ಸುಮ್ಮಸುಮ್ಮನೆ ಆಗುತ್ತದೆ. ಈಗ ಸಾಲುಗಳನ್ನು ಹೋಲಿಸಿ. ಒಂದಕ್ಕೂ ಎರಡಕ್ಕೂ 90 ಮಿಲಿ ಅಂತರ. ಇದು ಕೈತಪ್ಪಿನಿಂದ ಬಂದದ್ದಲ್ಲ. ಮೂರನೆಯದೂ ಹಾಗೆಯೇ. ಅದರಲ್ಲಿ ಒಂದು ಲೋಟ 80 ತೋರಿಸಿದೆ, ಆದರೆ 5 ಮಿಲಿ ಎಂದರೆ ಎರಡು ಗೆರೆಗಳ ನಡುವಿನ ಅರ್ಧ, ಅದನ್ನು ಉಬ್ಬು ಎಂದು ಕರೆಯುವಂತಿಲ್ಲ. ಮುಟ್ಟಿ ನೋಡಿದರೆ ಮೂರನೇ ಬಗೆಯ ಹಿಟ್ಟು ಎರಡನೆಯದಕ್ಕಿಂತ ಸಡಿಲವಾಗಿ, ಹೆಚ್ಚು ಅಂಟಂಟಾಗಿ ಇರಬಹುದು. ಸತ್ತ ಯೀಸ್ಟಿನ ಕೋಶಗಳಿಂದ ಹೊರಬರುವ ಗ್ಲುಟಾಥಯೋನ್ ಎಂಬ ವಸ್ತು ಹಿಟ್ಟಿನ ಬಿಗಿಯನ್ನು ಸಡಿಲಿಸುತ್ತದೆ. ಬಾಗಿದ್ದು, ಜಾರಿದ್ದು, ಅಂಟಿದ್ದು, ಇಂಥದ್ದನ್ನೆಲ್ಲ ಅಂಕಿಯ ಪಕ್ಕದಲ್ಲಿ ಎರಡು ಶಬ್ದದಲ್ಲಿ ಬರೆದಿಡಿ.

ಇನ್ನು ನಾಲ್ಕನೆಯ ಸಾಲು. ಒಂದನೆಯದಕ್ಕಿಂತ 3 ಮಿಲಿ ಕಡಿಮೆ. ನಮ್ಮ ಕೈಯ ಏರುಪೇರೇ 30 ಇರುವಾಗ ಈ 3ಕ್ಕೆ ಬೆಲೆಯಿಲ್ಲ. "ಸಕ್ಕರೆ ಹಾಕಿದ್ದು ಸ್ವಲ್ಪ ಹೆಚ್ಚು ಉಬ್ಬಿತು" ಎಂದು ಬರೆಯಲು ಮನಸ್ಸಾಗುತ್ತದೆ, ಬರೆಯಬಾರದು. ಬರೆಯಬೇಕಾದದ್ದು ಇಷ್ಟು: ಒಂದು ಗಂಟೆಯಲ್ಲಿ, ನಮ್ಮ ಅಳತೆಗೆ ಸಿಗುವಷ್ಟು ವ್ಯತ್ಯಾಸ ಸಕ್ಕರೆಯಿಂದ ಕಾಣಲಿಲ್ಲ.

ಊಹೆ ಬಿದ್ದಾಗ

ಬೆಳಿಗ್ಗೆ ಬರೆದ ಮೂರನೇ ವಾಕ್ಯ ತೆರೆಯಿರಿ: ಸಕ್ಕರೆ ಹಾಕದಿದ್ದರೆ ಉಬ್ಬಬಾರದು. ಉಬ್ಬಿತು. ನಿಮ್ಮ ಮನೆಯಲ್ಲಿ ಮಾಡಿದರೂ ಸಕ್ಕರೆಯಿಲ್ಲದ ಹಿಟ್ಟು ಚೆನ್ನಾಗಿಯೇ ಉಬ್ಬುತ್ತದೆ. ಸಕ್ಕರೆ ಇಲ್ಲದ ಬ್ರೆಡ್ಡುಗಳೂ ಲೋಕದಲ್ಲಿ ಬೇಕಾದಷ್ಟಿವೆ.

ಇಲ್ಲಿ ಮಕ್ಕಳು ಸಾಮಾನ್ಯವಾಗಿ "ನಮ್ಮ ಪ್ರಯೋಗ ಕೆಟ್ಟಿತು" ಎಂದು ಲೋಟ ತೊಳೆಯಲು ಹೊರಡುತ್ತಾರೆ. ಕೆಟ್ಟಿಲ್ಲ. ಬಿದ್ದದ್ದು ಊಹೆಯ ಒಂದು ತುಂಡು ಮಾತ್ರ, ಅದೂ ಯಾವ ತುಂಡು ಎಂದು ನಿಖರವಾಗಿ ಗೊತ್ತಾಗಿದೆ. ಯೀಸ್ಟ್ ಬೇಕು ಎಂಬುದು ನಿಂತಿದೆ. ನಾವು ಹಾಕುವ ಸಕ್ಕರೆ ಬೇಕೇ ಬೇಕು ಎಂಬುದು ಬಿತ್ತು. ಹಾಗಾದರೆ ಯೀಸ್ಟಿಗೆ ಆಹಾರ ಬೇಡವೇ ಬೇಡವೋ, ಅಥವಾ ಆಹಾರ ಮೈದಾದಲ್ಲೇ ಇದೆಯೋ? ಇವೆರಡು ಹೊಸ ಊಹೆಗಳು. ಎರಡರಲ್ಲಿ ನಮಗೆ ಇಷ್ಟವಾದದ್ದನ್ನು ಆರಿಸಿದರೆ ಸಾಲದು, ಎರಡೂ ಬೇರೆ ಬೇರೆ ಮುನ್ಸೂಚನೆ ಕೊಡುವಂಥ ಒಂದು ಜಾಗ ಹುಡುಕಬೇಕು. ಆ ಜಾಗ ಮೈದಾವೂ ಸಕ್ಕರೆಯೂ ಇಲ್ಲದ ಬರೀ ನೀರು. ಆಹಾರವೇ ಬೇಡವಾದರೆ ಬರೀ ನೀರಿನಲ್ಲೂ ಯೀಸ್ಟ್ ಗಾಳಿ ಬಿಡಬೇಕು. ಆಹಾರ ಮೈದಾದಲ್ಲಿದ್ದರೆ ಬರೀ ನೀರಿನಲ್ಲಿ ಬಿಡಬಾರದು, ಮೈದಾ ಕಲಸಿದ ನೀರಿನಲ್ಲಿ ಬಿಡಬೇಕು.

ಬರೀ ನೀರು ಉಬ್ಬಿ ನಿಲ್ಲುವುದಿಲ್ಲವಾದ್ದರಿಂದ ಗಾಳಿಯನ್ನು ಬಲೂನಿನಲ್ಲಿ ಹಿಡಿಯಬೇಕು. ಅರ್ಧ ಲೀಟರಿನ ನಾಲ್ಕು ಪ್ಲಾಸ್ಟಿಕ್ ಬಾಟಲಿ, ಒಂದೇ ಅಳತೆಯ ನಾಲ್ಕು ಬಲೂನು. ಹೊಸದಾಗಿ ಮಾಡಿದ ಯೀಸ್ಟ್ ನೀರನ್ನು ಮೂರು ಬಾಟಲಿಗಳಿಗೆ 40 ಮಿಲಿಯಂತೆ ಹಾಕಿ, ಜೊತೆಗೆ 100 ಮಿಲಿ ಉಗುರುಬೆಚ್ಚಗಿನ ನೀರು. ಮೊದಲನೆಯದಕ್ಕೆ ಮತ್ತೇನೂ ಇಲ್ಲ. ಎರಡನೆಯದಕ್ಕೆ 4 ಗ್ರಾಂ ಸಕ್ಕರೆ. ಮೂರನೆಯದಕ್ಕೆ 30 ಗ್ರಾಂ ಮೈದಾ. ನಾಲ್ಕನೇ ಬಾಟಲಿಗೆ ಯೀಸ್ಟ್ ಇಲ್ಲದ 140 ಮಿಲಿ ನೀರು ಮತ್ತು 30 ಗ್ರಾಂ ಮೈದಾ. ಬಾಟಲಿಯೊಳಗಿನ ಗಾಳಿ ಬಿಸಿಗೆ ಹಿಗ್ಗಿದರೂ ಬಲೂನು ತುಸು ಎದ್ದೀತು, ಅದು ಎಷ್ಟು ಎಂದು ತಿಳಿಯಲು ಇದು. ಬಲೂನನ್ನು ಕೈಯಿಂದ ನಾಲ್ಕಾರು ಸಲ ಎಳೆದು ಮೆತ್ತಗೆ ಮಾಡಿ ಬಾಯಿಗೆ ಸಿಕ್ಕಿಸಿ. ಬಾಯಿಯಿಂದ ಊದಿ ಮೆತ್ತಗೆ ಮಾಡಬೇಡಿ, ಕಾರಣ ಮುಂದೆ ಬರುತ್ತದೆ. ಬಲೂನಿನ ಬದಲು ಗಟ್ಟಿ ಮುಚ್ಚಳ ಹಾಕಿ ನೋಡುವ ಪ್ರಯತ್ನ ಬೇಡವೇ ಬೇಡ, ಒತ್ತಡ ಏರಿ ಬಾಟಲಿ ಸಿಡಿಯಬಹುದು.

ಮೊದಲ ಇಪ್ಪತ್ತು ನಿಮಿಷ ಏನೂ ಕಾಣದಿದ್ದರೆ ಗಾಬರಿ ಬೇಡ. ಹುಟ್ಟಿದ ಅನಿಲ ಮೊದಲು ನೀರಿನಲ್ಲೇ ಕರಗುತ್ತದೆ. ಆಗಾಗ ಬಾಟಲಿಗಳನ್ನೆಲ್ಲ ಒಂದೇ ರೀತಿ ಮೆಲ್ಲಗೆ ಅಲುಗಿಸಿ. ಎರಡು ಗಂಟೆಯ ಬಳಿಕ ಬಲೂನಿನ ದಪ್ಪ ಭಾಗಕ್ಕೆ ನೂಲು ಸುತ್ತಿ, ನೂಲನ್ನು ಸ್ಕೇಲಿನ ಮೇಲಿಟ್ಟು ಅಳೆಯಿರಿ. ಸಕ್ಕರೆಯ ಬಾಟಲಿಯದೂ ಮೈದಾದ ಬಾಟಲಿಯದೂ ಏಳುತ್ತವೆ, ಯೀಸ್ಟ್ ಇಲ್ಲದ್ದು ಏಳುವುದಿಲ್ಲ. ಬರೀ ನೀರಿನ ಬಾಟಲಿ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ತುಸು ಅಲುಗಿದರೆ ಆಶ್ಚರ್ಯವಿಲ್ಲ, ಯೀಸ್ಟ್ ತನ್ನ ಮೈಯಲ್ಲೇ ಸ್ವಲ್ಪ ಆಹಾರ ಕೂಡಿಟ್ಟುಕೊಂಡಿರುತ್ತದೆ.

ಹೀಗೆ ಆಹಾರ ಮೈದಾದಲ್ಲಿದೆ ಎಂಬ ಊಹೆ ಉಳಿಯಿತು. ಮೈದಾದಲ್ಲಿ ಸಹಜವಾಗಿಯೇ ಸ್ವಲ್ಪ ಸಕ್ಕರೆ ಇರುತ್ತದೆ. ಅದಲ್ಲದೆ ಗೋಧಿಯಲ್ಲಿರುವ ಅಮೈಲೇಸ್ ಎಂಬ ಕಿಣ್ವ, ನೀರು ತಾಗಿದ ಕೂಡಲೇ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡತೊಡಗುತ್ತದೆ. ನಾವು ಸಕ್ಕರೆ ಹಾಕಲಿಲ್ಲ ಎಂದುಕೊಂಡ ನಾಲ್ಕನೇ ಲೋಟದಲ್ಲಿ ಸಕ್ಕರೆ ಇತ್ತು.

ಆ ಅನಿಲ ಯಾವುದು?

ಬಲೂನಿನಲ್ಲಿರುವುದು ಇಂಗಾಲದ ಡೈಆಕ್ಸೈಡ್ ಎಂದು ಪುಸ್ತಕ ಹೇಳುತ್ತದೆ, ಬಲೂನು ಹೇಳುವುದಿಲ್ಲ. ಪರೀಕ್ಷಿಸಲು ಬೇಕಾದದ್ದು ಎಲೆಅಡಿಕೆಯ ತಟ್ಟೆಯಲ್ಲಿದೆ. ಅರ್ಧ ಚಮಚ ಸುಣ್ಣವನ್ನು ಒಂದು ಲೋಟ ನೀರಿನಲ್ಲಿ ಕದಡಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಅಲುಗಿಸದೆ ಎರಡು ಸಣ್ಣ ಲೋಟಗಳಿಗೆ ಬಸಿದುಕೊಳ್ಳಿ. ಕಣ್ಣಿಗೆ ಸಿಡಿಯದಂತೆ ಜಾಗ್ರತೆ. ಬಲೂನಿನ ಬಾಯಿಯನ್ನು ಹಿಂಡಿ ಹಿಡಿದು ಬಾಟಲಿಯಿಂದ ತೆಗೆಯಿರಿ, ಸ್ಟ್ರಾ ಸಿಕ್ಕಿಸಿ, ಅನಿಲವನ್ನು ಮೆಲ್ಲಗೆ ತಿಳಿನೀರಿನೊಳಗೆ ಬಿಡಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ.

ಇದಕ್ಕೂ ಹೋಲಿಕೆಯ ಲೋಟ ಬೇಕು: ಮಾಮೂಲು ಗಾಳಿ ಬಿಟ್ಟರೆ ಏನಾಗುತ್ತದೆ? ಇಲ್ಲಿ ಸುಲಭವಾಗಿ ಆಗುವ ತಪ್ಪೆಂದರೆ ಇನ್ನೊಂದು ಬಲೂನನ್ನು ಬಾಯಿಯಿಂದ ಊದಿ ತರುವುದು. ಅದೂ ನೀರನ್ನು ಬೆಳ್ಳಗೆ ಮಾಡುತ್ತದೆ, ನಮ್ಮ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆ. ಸೈಕಲ್ ಪಂಪಿನಿಂದ ತುಂಬಿದ ಬಲೂನು ತನ್ನಿ. ಅದರ ಗಾಳಿಗೆ ಅಷ್ಟೇ ಹೊತ್ತಿನಲ್ಲಿ ನೀರು ತಿಳಿಯಾಗಿಯೇ ಉಳಿಯುತ್ತದೆ.

ಅನಿಲ ಹುಟ್ಟಿದರೆ ಸಾಕೇ?

ಇದನ್ನು ಚುಟುಕಾಗಿ ನೋಡಬಹುದು. ಒಂದನೇ ಬಗೆಯನ್ನೇ ಮತ್ತೆ ಮಾಡಿ, ಮೈದಾದ ಬದಲು 50 ಗ್ರಾಂ ಅಕ್ಕಿಹಿಟ್ಟು ಹಾಕಿ. ಯೀಸ್ಟ್ ಅದೇ, ಸಕ್ಕರೆ ಅದೇ, ಗಾಜಿನ ಬದಿಯಲ್ಲಿ ಗುಳ್ಳೆಗಳೂ ಕಾಣುತ್ತವೆ. ಆದರೆ ಹಿಟ್ಟು ಮೈದಾದಷ್ಟು ಏಳುವುದಿಲ್ಲ, ಮೇಲೆ ಬಿರುಕು ಬಿಟ್ಟು ಅನಿಲ ಹೊರಗೆ ಹೋಗುತ್ತದೆ. ಗೋಧಿಯ ಪ್ರೋಟೀನು ನೀರಿನೊಂದಿಗೆ ಸೇರಿದಾಗ ಗ್ಲುಟೆನ್ ಎಂಬ ರಬ್ಬರಿನಂಥ ಬಲೆಯಾಗುತ್ತದೆ, ಅಕ್ಕಿಯಲ್ಲಿ ಅದಿಲ್ಲ. ಇಡ್ಲಿ ಹಿಟ್ಟಿನಲ್ಲಿ ಆ ಕೆಲಸವನ್ನು ಉದ್ದಿನ ಲೋಳೆ ಮಾಡುತ್ತದೆ. ಅಲ್ಲಿ ಅನಿಲ ಬಿಡುವುದು ಮುಖ್ಯವಾಗಿ ಬ್ಯಾಕ್ಟೀರಿಯಾಗಳು, ಹುಳಿ ಮಾಡುವುದೂ ಅವೇ. ಹುಳಿಯೂ ಉಬ್ಬೂ ಒಟ್ಟಿಗೆ ಬರುವುದು ಅದಕ್ಕಾಗಿ.

ಮೂರನೇ ಲೋಟದ ಮುಂದೆ ಏನು ಬರೆಯಬೇಕು

ಕುದಿಸಿದ ಯೀಸ್ಟಿನ ಹಿಟ್ಟು ಉಬ್ಬಲಿಲ್ಲ. "ಆದ್ದರಿಂದ ಯೀಸ್ಟ್ ಬದುಕಿದ್ದರೆ ಮಾತ್ರ ಅನಿಲ ಬರುತ್ತದೆ" ಎಂದು ಎಲ್ಲರೂ ಬರೆಯುತ್ತಾರೆ. ಲೂಯಿ ಪಾಸ್ಚರ್ 1857ರ ಬಳಿಕದ ತನ್ನ ಕೆಲಸದಲ್ಲಿ ಹುದುಗುವಿಕೆ ಜೀವಕ್ಕೆ ಸೇರಿದ ಕ್ರಿಯೆ ಎಂದು ವಾದಿಸಿದ್ದ. ರಸಾಯನ ವಿಜ್ಞಾನಿ ಲೀಬಿಗ್ ಅದನ್ನು ಒಪ್ಪಿರಲಿಲ್ಲ, ಅದು ಬರೀ ರಾಸಾಯನಿಕ ಕ್ರಿಯೆ ಎಂದ. ಇಬ್ಬರ ಜಗಳವನ್ನು ಕುದಿಸಿದ ಯೀಸ್ಟಿನಿಂದ ಬಗೆಹರಿಸಲು ಬರುವುದಿಲ್ಲ, ಏಕೆಂದರೆ ಕುದಿಸಿದಾಗ ಜೀವ ಹೋಗುವುದರ ಜೊತೆಗೆ ಒಳಗಿನ ಕಿಣ್ವಗಳೂ ಕೆಡುತ್ತವೆ. ಒಂದೇ ವಿಷಯ ಬದಲಿಸಿದ್ದೇವೆ ಎಂದು ನಾವು ತಿಳಿದಿದ್ದ ಕಡೆ ಎರಡು ಬದಲಾಗಿವೆ.

ಅವನ್ನು ಬೇರೆ ಮಾಡಿದ್ದು 1897ರಲ್ಲಿ, ಜರ್ಮನಿಯ ಎಡ್ವರ್ಡ್ ಬುಖ್ನರ್. ಅವನು ಯೀಸ್ಟನ್ನು ಕುದಿಸಲಿಲ್ಲ, ಮರಳಿನ ಜೊತೆ ಅರೆದು ಕೋಶಗಳನ್ನು ಒಡೆದು, ಹಿಂಡಿ, ರಸ ತೆಗೆದ. ಆ ರಸದಲ್ಲಿ ಜೀವಂತ ಕೋಶಗಳಿರಲಿಲ್ಲ. ಅದಕ್ಕೆ ಸಕ್ಕರೆ ಹಾಕಿದಾಗ ಗುಳ್ಳೆಗಳು ಬಂದವು. 1907ರ ರಸಾಯನ ವಿಜ್ಞಾನದ ನೊಬೆಲ್ ಅವನಿಗೆ ಸಿಕ್ಕಿತು. ಅನಿಲ ಮಾಡುವ ಕೆಲಸ ಕಿಣ್ವಗಳದು, ಆ ಕಿಣ್ವಗಳನ್ನು ಮಾಡುವುದು ಜೀವಂತ ಯೀಸ್ಟ್.

ಹಾಗಾಗಿ ನಿಮ್ಮ ನೋಟ್‌ಬುಕ್ಕಿನಲ್ಲಿ ಮೂರನೇ ಬಗೆಯ ಮುಂದೆ "ಸತ್ತಿದ್ದರಿಂದ ಉಬ್ಬಲಿಲ್ಲ" ಎಂದು ಬರೆದಿದ್ದರೆ ಒಂದು ಗೆರೆ ಎಳೆದು ಹೊಡೆಯಿರಿ, ಹಳೆಯ ಶಬ್ದ ಓದಲು ಬರುವಂತೆಯೇ. ಮೇಲೆ "5 ನಿಮಿಷ ಕುದಿಸಿದ್ದರಿಂದ ಉಬ್ಬಲಿಲ್ಲ" ಎಂದು ಬರೆದು ಆ ದಿನದ ತಾರೀಕು ಹಾಕಿ.